ರಸ್ತೆ ಉಳಿಯುತ್ತದೆ, ಟೋಲ್ ಉಳಿಯುವುದಿಲ್ಲ

ಟ್ರಾನ್ಸ್‌ಅರ್ಬನ್ ಕಂಪನಿಯ ಬೆಲೆ ಕಟ್ಟುವಾಗ ಟರ್ಮಿನಲ್ ವ್ಯಾಲ್ಯೂ ಹಾಕಬಾರದು ಎಂದು ನಾನು ಬರೆದಿದ್ದೆ. ಅದಕ್ಕೆ ಸಿಡ್ನಿಯಿಂದಲೂ ಮೆಲ್ಬರ್ನ್‌ನಿಂದಲೂ ಖಾರವಾದ ಆಕ್ಷೇಪಗಳು ಬಂದಿವೆ. ಬರೆದವರಲ್ಲಿ ಇಬ್ಬರು ವೃತ್ತಿಯಲ್ಲಿ ಅಕೌಂಟೆಂಟರು, ಒಬ್ಬರು ತಮ್ಮ ನಿವೃತ್ತಿ ಹಣದ ಬಹುಪಾಲನ್ನು ಇದೇ ಷೇರಿನಲ್ಲಿ ಇಟ್ಟವರು. ಹಗುರವಾಗಿ ತಳ್ಳಿಹಾಕುವ ಮಾತುಗಳು ಅವರದಲ್ಲ. ಹಾಗಾಗಿ ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತೇನೆ.

ಹೊಸ ಓದುಗರಿಗಾಗಿ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಕಂಪನಿಯೊಂದು ಮುಂದೆ ವರ್ಷವರ್ಷವೂ ಗಳಿಸಲಿರುವ ನಗದನ್ನು, ಅಂದರೆ ಖರ್ಚು, ತೆರಿಗೆ, ದುರಸ್ತಿ, ಹೊಸ ಹೂಡಿಕೆ ಎಲ್ಲ ಕಳೆದು ಕೈಯಲ್ಲಿ ಉಳಿಯುವ ಫ್ರೀ ಕ್ಯಾಶ್ ಫ್ಲೋವನ್ನು, ಒಂದು ಬಡ್ಡಿ ದರದಲ್ಲಿ ಇಂದಿನ ಬೆಲೆಗೆ ಇಳಿಸಿ ಕೂಡಿಸುವುದು ಡಿಸಿಎಫ್ ಲೆಕ್ಕ. ನೂರು ವರ್ಷ ಮುಂದಿನದನ್ನು ಯಾರೂ ಬಿಡಿಬಿಡಿಯಾಗಿ ಅಂದಾಜು ಮಾಡಲಾರರು. ಆದ್ದರಿಂದ ಮೊದಲ ಹತ್ತು ವರ್ಷಗಳನ್ನು ಬಿಡಿಸಿ ಬರೆದು, ಅಲ್ಲಿಂದಾಚೆಗೆ ನಗದು ಒಂದೇ ದರದಲ್ಲಿ ಎಂದೆಂದಿಗೂ ಬೆಳೆಯುತ್ತಲೇ ಇರುತ್ತದೆ ಎಂದುಕೊಂಡು ಒಂದೇ ಸಂಖ್ಯೆ ಹಾಕಿಬಿಡುತ್ತಾರೆ. ಅದು ಟರ್ಮಿನಲ್ ವ್ಯಾಲ್ಯೂ. ಸೂತ್ರ ಇಷ್ಟೇ, ಇಲ್ಲಿ `r` ಎಂದರೆ ಇಳಿಕೆಯ ದರ, `g` ಎಂದರೆ ಬೆಳವಣಿಗೆಯ ದರ:

```
TV = FCF × (1 + g) / (r − g)
```

ಮೆಲ್ಬರ್ನ್‌ನಲ್ಲಿ ಕಚೇರಿ ಇರುವ ಟ್ರಾನ್ಸ್‌ಅರ್ಬನ್ ಆ ಊರಿನ ಸಿಟಿಲಿಂಕ್ ರಸ್ತೆಯ ಒಡೆತನ ಹೊಂದಿದೆ. ಸಿಡ್ನಿಯ ಹೆಚ್ಚಿನ ಟೋಲ್ ರಸ್ತೆಗಳಲ್ಲಿ ಪೂರ್ತಿಯಾಗಿಯೋ ಪಾಲಾಗಿಯೋ ಅದರ ಒಡೆತನವಿದೆ. ನಮ್ಮ ಜನರಲ್ಲಿ ಬಹಳ ಮಂದಿ ಬೆಳಗ್ಗೆ ಅದಕ್ಕೆ ಟೋಲ್ ಕೊಟ್ಟು ಕೆಲಸಕ್ಕೆ ಹೋಗುತ್ತಾರೆ, ವರ್ಷಕ್ಕೆರಡು ಸಲ ಅದರಿಂದಲೇ ಡಿವಿಡೆಂಡ್ ಪಡೆಯುತ್ತಾರೆ.

ಮೊದಲ ಆಕ್ಷೇಪ: "ರಸ್ತೆ ಎಲ್ಲಿಗೂ ಹೋಗುವುದಿಲ್ಲ. ಜನಸಂಖ್ಯೆ ಹೆಚ್ಚುತ್ತಲೇ ಇದೆ. ಎಂದೆಂದಿಗೂ ನಗದು ತರುವ ಆಸ್ತಿ ಎಂದರೆ ಇದೇ. ಇದಕ್ಕೂ ಟರ್ಮಿನಲ್ ವ್ಯಾಲ್ಯೂ ಹಾಕದಿದ್ದರೆ ಇನ್ನು ಯಾವುದಕ್ಕೆ ಹಾಕುತ್ತೀರಿ?"

ರಸ್ತೆ ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ಟ್ರಾನ್ಸ್‌ಅರ್ಬನ್ ಬಳಿ ಇರುವುದು ರಸ್ತೆಯಲ್ಲ, ಇಂತಿಷ್ಟು ವರ್ಷ ಟೋಲ್ ಎತ್ತುವ ಹಕ್ಕು. ಮಾವಿನ ತೋಪನ್ನು ಗುತ್ತಿಗೆ ಹಿಡಿದವನಿಗೆ ಮರ ಎಷ್ಟು ವರ್ಷ ಫಲ ಕೊಡುತ್ತದೆ ಎಂಬುದಕ್ಕಿಂತ ಗುತ್ತಿಗೆ ಎಷ್ಟು ವರ್ಷದ್ದು ಎಂಬುದೇ ಮುಖ್ಯ. ಸಿಟಿಲಿಂಕ್ ಗುತ್ತಿಗೆ 2045ರ ಜನವರಿಗೆ ಮುಗಿಯುತ್ತದೆ. ಸಿಡ್ನಿಯ ಹಿಲ್ಸ್ ಎಂ2 ಮತ್ತು ಲೇನ್ ಕೋವ್ ಟನಲ್‌ಗಳದು 2048ಕ್ಕೆ, ವೆಸ್ಟ್‌ಕನೆಕ್ಸ್‌ನದು 2060ಕ್ಕೆ. ಮುಗಿದ ದಿನ ರಸ್ತೆಯನ್ನು ಒಪ್ಪಂದದಲ್ಲಿ ಹೇಳಿದ ಸ್ಥಿತಿಯಲ್ಲಿ ಸರ್ಕಾರಕ್ಕೆ ಒಪ್ಪಿಸಬೇಕು. ಮಾರಿ ಬರುವ ಬೆಲೆ ಎಂಬುದೇ ಇಲ್ಲ.

ಇದು ಕಾಗದದ ಮೇಲಿನ ಮಾತಲ್ಲ, ಸಿಡ್ನಿಯಲ್ಲಿ ಕಣ್ಣೆದುರೇ ನಡೆದಿದೆ. ಪಶ್ಚಿಮದ ಬಡಾವಣೆಗಳಿಂದ ನಗರಕ್ಕೆ ಬರುವ ಎಂ4 ರಸ್ತೆಯಲ್ಲಿ ಖಾಸಗಿ ಕಂಪನಿಯೊಂದು 1992ರಿಂದ ಟೋಲ್ ಎತ್ತುತ್ತಿತ್ತು. 2010ರ ಫೆಬ್ರುವರಿಯಲ್ಲಿ ಗುತ್ತಿಗೆ ಮುಗಿಯಿತು. ಟೋಲ್ ನಿಂತಿತು. ಮರುದಿನ ವಾಹನಗಳೇನೂ ಕಡಿಮೆಯಾಗಲಿಲ್ಲ, ಹಳೆಯ ಒಡೆಯರಿಗೆ ಬರುವ ನಗದು ಮಾತ್ರ ಸೊನ್ನೆಯಾಯಿತು. 2017ರ ಆಗಸ್ಟ್‌ನಲ್ಲಿ ಅಗಲಗೊಳಿಸಿದ ಪ್ಯಾರಮಟ್ಟಾ–ಹೋಂಬುಷ್ ಭಾಗಕ್ಕೆ ಮತ್ತೆ ಟೋಲ್ ಬಂದದ್ದು ಹೊಸ ವೆಸ್ಟ್‌ಕನೆಕ್ಸ್ ಯೋಜನೆಯ ಹೆಸರಿನಲ್ಲಿ. ಹಳೆಯ ಗುತ್ತಿಗೆದಾರರಿಗೆ ಅದರಲ್ಲಿ ಒಂದು ಸೆಂಟೂ ಇರಲಿಲ್ಲ. ನಡುವಿನ ಏಳು ವರ್ಷ ಆ ದಾರಿಯಲ್ಲಿ ಪುಕ್ಕಟೆ ಓಡಾಡಿದ ಬ್ಲ್ಯಾಕ್‌ಟೌನಿನ ಯಾರನ್ನೇ ಕೇಳಿ, ರಸ್ತೆಯ ಆಯುಸ್ಸು ಬೇರೆ, ನಗದಿನ ಆಯುಸ್ಸು ಬೇರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ತಪ್ಪು ಎಷ್ಟು ದೊಡ್ಡದು ಎಂಬುದನ್ನು ಲೆಕ್ಕದಲ್ಲೇ ನೋಡೋಣ. ಇಪ್ಪತ್ತು ವರ್ಷದ ಗುತ್ತಿಗೆ ಉಳಿದಿರುವ ಒಂದು ರಸ್ತೆ ಎಂದುಕೊಳ್ಳಿ. ಸಿಟಿಲಿಂಕ್‌ಗೆ ಈಗ ಉಳಿದಿರುವುದು ಹೆಚ್ಚುಕಡಿಮೆ ಅಷ್ಟೇ. ಬರುವ ವರ್ಷದ ಫ್ರೀ ಕ್ಯಾಶ್ ಫ್ಲೋ 100 ಡಾಲರ್, ವರ್ಷಕ್ಕೆ ಶೇ. 4 ಏರಿಕೆ, ಇಳಿಕೆಯ ದರ ಶೇ. 8. ಈ ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ಆರಿಸಿದ್ದೇನೆ, ಕಂಪನಿಯ ಪುಸ್ತಕದಿಂದ ತೆಗೆದದ್ದಲ್ಲ.

ಆಕ್ಷೇಪ ಎತ್ತಿದವರ ದಾರಿಯಲ್ಲೇ ಹೋದರೆ, ಮೊದಲ ಹತ್ತು ವರ್ಷಗಳ ನಗದು ಇಂದಿನ ಬೆಲೆಯಲ್ಲಿ 786 ಡಾಲರ್ ಆಗುತ್ತದೆ. ಹತ್ತನೆಯ ವರ್ಷದ ನಗದು 142 ಡಾಲರ್. ಅಲ್ಲಿಂದ ಮುಂದೆ ಶೇ. 2.5ರಂತೆ ಎಂದೆಂದಿಗೂ ಬೆಳೆಯುತ್ತದೆ ಎಂದರೆ ಆ ಹೊತ್ತಿಗೆ ಟರ್ಮಿನಲ್ ವ್ಯಾಲ್ಯೂ 2,652 ಡಾಲರ್. ಇಂದಿಗೆ ಇಳಿಸಿದರೆ 1,229. ಒಟ್ಟು ಬೆಲೆ ಸುಮಾರು 2,014 ಡಾಲರ್. ಶೇ. 2.5 ಎಂಬುದು ಬಹಳ ಎಚ್ಚರಿಕೆಯ ಬೆಳವಣಿಗೆ ದರವಾಗಿ ಕಾಣುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಎಡವಟ್ಟು ಇರುವುದು ದರದಲ್ಲಲ್ಲ, ಕಾಲದಲ್ಲಿ.

ಈಗ ಗುತ್ತಿಗೆ ಮುಗಿಯುವವರೆಗೆ ಮಾತ್ರ ಕೂಡಿಸಿ. ಹನ್ನೊಂದರಿಂದ ಇಪ್ಪತ್ತನೆಯ ವರ್ಷದವರೆಗಿನ ನಗದಿಗೂ ಶೇ. 2.5ರ ಬದಲು ಉದಾರವಾಗಿ ಶೇ. 4ರ ಏರಿಕೆಯನ್ನೇ ಕೊಟ್ಟರೂ ಅದರ ಇಂದಿನ ಬೆಲೆ 539 ಡಾಲರ್. ಒಟ್ಟು 1,325. ಅವರ ಲೆಕ್ಕ ಅದಕ್ಕಿಂತ ಅರ್ಧದಷ್ಟು ಹೆಚ್ಚು. ಅವರ 2,014ರೊಳಗೆ 728 ಡಾಲರ್, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸಿದ ಮೇಲೆ ಬರುವ ನಗದು.

ಇಲ್ಲಿಗೂ ಮುಗಿಯಲಿಲ್ಲ. ಟೋಲ್ ರಸ್ತೆಗಳ ಮೇಲೆ ಸಾಲ ದೊಡ್ಡದಿರುತ್ತದೆ. ನಮ್ಮ ರಸ್ತೆಯ ಮೇಲೆ 600 ಡಾಲರ್ ಸಾಲ ಇದೆ ಎನ್ನಿ. ಅವರ ಲೆಕ್ಕದಲ್ಲಿ ಷೇರುದಾರನ ಪಾಲು 1,414, ನನ್ನ ಲೆಕ್ಕದಲ್ಲಿ 725. ರಸ್ತೆಯ ಬೆಲೆಯಲ್ಲಿ ಅರ್ಧದಷ್ಟಿದ್ದ ತಪ್ಪು ಷೇರಿನ ಬೆಲೆಗೆ ಬರುವಾಗ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಸಾಲ ಕೊಟ್ಟವರು ಗುತ್ತಿಗೆಯ ತಾರೀಖನ್ನು ಎಂದೂ ಮರೆಯುವುದಿಲ್ಲ ಎಂಬುದನ್ನೂ ನೆನಪಿಡಿ. ಕೊನೆಯ ವರ್ಷಗಳೊಳಗೆ ಅಸಲು ವಾಪಸಾಗುವಂತೆಯೇ ಅವರು ಸಾಲ ಕಟ್ಟಿಕೊಡುತ್ತಾರೆ. ಈಗ ಬರೀ ಬಡ್ಡಿ ಕಟ್ಟುತ್ತಿರುವ ರಸ್ತೆಯ ಷೇರುದಾರನಿಗೆ ಕಾಣುವ ನಗದು ಆ ಕೊನೆಯ ವರ್ಷಗಳಲ್ಲಿ ಕಾಣುವುದಿಲ್ಲ.

ಹಾಗೆಂದು ಗುತ್ತಿಗೆ ಇದ್ದಲ್ಲೆಲ್ಲ ಟರ್ಮಿನಲ್ ವ್ಯಾಲ್ಯೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಿಡ್ನಿ ವಿಮಾನ ನಿಲ್ದಾಣವೂ ಗುತ್ತಿಗೆಯ ಆಸ್ತಿಯೇ. ಆದರೆ ಅದರ ಗುತ್ತಿಗೆ 2097ರವರೆಗೆ ಇದೆ. ಎಪ್ಪತ್ತಕ್ಕೂ ಹೆಚ್ಚು ವರ್ಷ. ಅದೇ ಶೇ. 4, ಶೇ. 8ರ ಲೆಕ್ಕದಲ್ಲಿ 72 ವರ್ಷದ ಬೆಲೆಗೂ ಎಂದೆಂದಿನ ಬೆಲೆಗೂ ಇರುವ ಅಂತರ ಸುಮಾರು ಶೇ. 7. 2022ರ ಮಾರ್ಚ್‌ನಲ್ಲಿ ಪಿಂಚಣಿ ನಿಧಿಗಳೂ ಇದ್ದ ಹೂಡಿಕೆದಾರರ ಕೂಟವೊಂದು ಷೇರಿಗೆ 8.75 ಡಾಲರ್ ಕೊಟ್ಟು ಆ ನಿಲ್ದಾಣವನ್ನು ಕೊಂಡಿತು. ಆ ವ್ಯಾಪಾರದಲ್ಲಿ ಯಾರಾದರೂ ಎಂದೆಂದಿಗೂ ಎಂದು ಲೆಕ್ಕ ಹಾಕಿದ್ದರೆ ಅವರೊಂದಿಗೆ ನಾನು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಇಪ್ಪತ್ತು ವರ್ಷದ ಗುತ್ತಿಗೆಗೆ ಅದೇ ಸೂತ್ರ ಹಾಕಿದಾಗ ನಿಲ್ಲುತ್ತೇನೆ.

ಎರಡನೆಯ ಆಕ್ಷೇಪ ಮೆಲ್ಬರ್ನ್‌ನ ಅಕೌಂಟೆಂಟ್ ಮಿತ್ರರದು, ನನಗೆ ಬಹಳ ಇಷ್ಟವಾದದ್ದೂ ಅದೇ. "ಕಂಪನಿಯ ಲಾಭ ಕಡಿಮೆ ಕಾಣುವುದು ಗುತ್ತಿಗೆಯ ಬೆಲೆಯನ್ನು ವರ್ಷವರ್ಷವೂ ಸವಕಳಿ ಎಂದು ಕಳೆಯುವುದರಿಂದ. ಅದು ಕಾಗದದ ಖರ್ಚು, ನಗದು ಹೊರಗೆ ಹೋಗುವುದಿಲ್ಲ. ಆದ್ದರಿಂದ ಅದನ್ನು ವಾಪಸು ಕೂಡಿಸಿದ ಫ್ರೀ ಕ್ಯಾಶ್ ಫ್ಲೋವೇ ನಿಜವಾದ ಗಳಿಕೆ. ನೀವು ಮಾತ್ರ ಸವಕಳಿಯನ್ನು ನಿಜವಾದ ಖರ್ಚಿನಂತೆ ನೋಡುತ್ತೀರಿ."

ಅವರ ಮಾತಿನ ಮೊದಲ ಅರ್ಧ ಪೂರ್ತಿ ಸರಿ. ಸವಕಳಿ ನಗದಿನ ಖರ್ಚಲ್ಲ, ಫ್ರೀ ಕ್ಯಾಶ್ ಫ್ಲೋಗೆ ಅದನ್ನು ವಾಪಸು ಕೂಡಿಸಲೇಬೇಕು. ನನ್ನ 100 ಡಾಲರ್ ಕೂಡ ಹಾಗೆ ಕೂಡಿಸಿಯೇ ಬಂದದ್ದು. ಆದರೆ ಕೂಡಿಸಿದ ಮೇಲೆ ಒಂದು ಷರತ್ತು ತಾನಾಗಿ ಬರುತ್ತದೆ, ನಗದನ್ನು ಗುತ್ತಿಗೆಯ ಕೊನೆಯ ದಿನಕ್ಕೆ ನಿಲ್ಲಿಸಬೇಕು. ಸವಕಳಿ ಹೇಳುತ್ತಿರುವ ಸುದ್ದಿಯೇ ಅದು: ಈ ವರ್ಷ ಬಂದ ನಗದಿನಲ್ಲಿ ಇಷ್ಟು ಭಾಗ ಆದಾಯವಲ್ಲ, ನೀವು ಹಾಕಿದ ಅಸಲು ನಿಮಗೇ ವಾಪಸು ಬಂದದ್ದು. ಕಾಲಮಿತಿ ಇರುವ ಲೆಕ್ಕ ಆ ಸುದ್ದಿಯನ್ನು ಒಳಗೊಂಡಿರುತ್ತದೆ, ಬೇರೆಯಾಗಿ ಕಳೆಯಬೇಕಿಲ್ಲ. ಕಳೆದರೆ ಒಂದೇ ಖರ್ಚನ್ನು ಎರಡು ಸಲ ಕಳೆದಂತಾಗುತ್ತದೆ. ಆದರೆ ಸವಕಳಿಯನ್ನೂ ಕೂಡಿಸಿಕೊಂಡು, ಎಂದೆಂದಿಗೂ ಎಂಬ ಟರ್ಮಿನಲ್ ವ್ಯಾಲ್ಯೂವನ್ನೂ ಹಾಕಿದರೆ ಎರಡೂ ಕಡೆಯ ಲಾಭ ತೆಗೆದುಕೊಂಡಂತೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು.

ಕಂಪನಿ ಎಂದೆಂದಿಗೂ ಬದುಕಬೇಕು ಎಂದರೆ ಏನು ಬೇಕು? ಗುತ್ತಿಗೆಗಳು ಮುಗಿಯುತ್ತಾ ಹೋದಂತೆ ಹೊಸ ಗುತ್ತಿಗೆಗಳನ್ನು ಕೊಳ್ಳುತ್ತಿರಬೇಕು. ಕೊಳ್ಳಲು ಹಣ ಬೇಕು. ಆ ಹಣವನ್ನು ಫ್ರೀ ಕ್ಯಾಶ್ ಫ್ಲೋದಿಂದ ಕಳೆಯಬೇಕು. ಬೆಳವಣಿಗೆ ಎಂಬುದು ಮರುಹೂಡಿಕೆಯಿಂದ ಬರುತ್ತದೆ. ಹೂಡಿದ ನೂರಕ್ಕೆ ಎಂಟು ಬರುವ ವ್ಯವಹಾರವು ವರ್ಷಕ್ಕೆ ಶೇ. 2.5 ಬೆಳೆಯಬೇಕಾದರೆ ಗಳಿಕೆಯ ಸುಮಾರು ಮೂರನೇ ಒಂದು ಭಾಗವನ್ನು ವಾಪಸು ಹಾಕಬೇಕು, ಅದೂ ಸವೆದ ಆಸ್ತಿಯನ್ನು ಮೊದಲು ತುಂಬಿಕೊಂಡ ನಂತರ. ಇರುವ ನಗದನ್ನೆಲ್ಲ ಹಂಚಿಬಿಟ್ಟು ಎಂದೆಂದಿಗೂ ಬೆಳೆಯುವ ಕಂಪನಿ ಲೋಕದಲ್ಲಿಲ್ಲ. ಗುತ್ತಿಗೆಯ ಒಳಗೆ ಟೋಲ್ ದರ ಏರುತ್ತದೆ, ಆ ಬೆಳವಣಿಗೆಗೆ ಹೊಸ ಹಣ ಬೇಕಿಲ್ಲ, ಒಪ್ಪುತ್ತೇನೆ. ಗುತ್ತಿಗೆ ದಾಟಿದ ಬೆಳವಣಿಗೆಗೆ ಬೇಕು.

ಟ್ರಾನ್ಸ್‌ಅರ್ಬನ್ ಇದನ್ನು ತಾನೇ ಮಾಡಿ ತೋರಿಸಿದೆ. 2018ರಲ್ಲಿ ಅದರ ಮುಂದಾಳತ್ವದ ಕೂಟ ವೆಸ್ಟ್‌ಕನೆಕ್ಸ್‌ನ ಶೇ. 51 ಪಾಲನ್ನು 926 ಕೋಟಿ ಡಾಲರಿಗೆ ಕೊಂಡಿತು. 2021ರಲ್ಲಿ ಉಳಿದ ಶೇ. 49 ಪಾಲನ್ನು 1,110 ಕೋಟಿ ಡಾಲರಿಗೆ ಕೊಂಡಿತು. ಎರಡೂ ಸಲ ಕಂಪನಿ ಹೊಸ ಷೇರು ಕೊಟ್ಟು ತಲಾ 400 ಕೋಟಿ ಡಾಲರಿಗಿಂತ ಹೆಚ್ಚು ಎತ್ತಿತು. ಅದರಲ್ಲಿ ಹೆಚ್ಚಿನ ಪಾಲು ಬಂದದ್ದು ಆಗಲೇ ಷೇರು ಇದ್ದವರಿಂದ. ಅಂದರೆ ಡಿವಿಡೆಂಡ್ ಎಂದು ಕೈಗೆ ಬಂದ ಹಣದ ಒಂದು ಭಾಗವನ್ನು ಷೇರುದಾರರು ಹೊಸ ರಸ್ತೆಗೆಂದು ತಿರುಗಿ ಕೊಟ್ಟರು. ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. 2060ರವರೆಗಿನ ನಗದು ಸಿಕ್ಕಿದೆ, ಒಳ್ಳೆಯ ವ್ಯಾಪಾರವೇ ಇರಬಹುದು. ಆದರೆ ಆ ನಗದನ್ನು ಬೆಲೆಯೊಳಗೆ ಸೇರಿಸುವಾಗ ಕೊಟ್ಟ ಹಣವನ್ನೂ ಕಳೆಯಬೇಕಲ್ಲ.

ಇದೇ ಮಾತಿಗೆ ಅಂಟಿಕೊಂಡು ಇನ್ನೊಂದು. ಡಿವಿಡೆಂಡೇ ಫ್ರೀ ಕ್ಯಾಶ್ ಫ್ಲೋ ಎಂದು ಇಬ್ಬರು ಬರೆದಿದ್ದಾರೆ. 2024ರ ಜೂನ್‌ಗೆ ಮುಗಿದ ವರ್ಷ ಕಂಪನಿ ಷೇರಿಗೆ 62 ಸೆಂಟ್ ಹಂಚಿತು. ಮುನ್ನೂರು ಕೋಟಿಗಿಂತ ತುಸು ಹೆಚ್ಚು ಷೇರುಗಳಿರುವುದರಿಂದ ಒಟ್ಟು 190 ಕೋಟಿ ಡಾಲರ್ ಸುತ್ತಮುತ್ತ. ಲೆಕ್ಕಪತ್ರದ ಲಾಭ ಅದರ ಒಂದು ಸಣ್ಣ ಭಾಗ ಮಾತ್ರ. ಈ ಅಂತರದಲ್ಲಿ ದೊಡ್ಡ ಪಾಲು ಈಗ ಹೇಳಿದ ಸವಕಳಿಯದು, ಅದು ಸಹಜ. ಕಂಪನಿ ಹೇಳುವ "ಫ್ರೀ ಕ್ಯಾಶ್" ಎಂಬ ಅಂಕಿ ಹಂಚಲು ಲಭ್ಯವಿರುವ ನಗದನ್ನು ತಿಳಿಸಲೆಂದು ಕಂಪನಿಯೇ ಮಾಡಿಕೊಂಡ ಅಳತೆ. ಕೆಲವು ವರ್ಷ "ಕ್ಯಾಪಿಟಲ್ ರಿಲೀಸ್" ಎಂಬ ಸಾಲೂ ಅದರ ಪಕ್ಕದಲ್ಲಿ ಕಂಡಿದೆ. ರಸ್ತೆಯೊಂದರ ಮೇಲೆ ಹೊಸ ಸಾಲ ತೆಗೆದು, ಬಂದ ಹಣವನ್ನು ಮೇಲಿನ ಕಂಪನಿಗೆ ಕಳಿಸುವುದು ಅದು. ಕಂಪನಿ ಅದನ್ನು ಬಚ್ಚಿಟ್ಟಿಲ್ಲ, ಬೇರೆ ಮಾಡಿಯೇ ತೋರಿಸಿದೆ. ಬೇರೆ ಮಾಡಿ ಓದಬೇಕಾದದ್ದು ನಾವು. ರಸ್ತೆಯಿಂದ ಬಂದ ನಗದು ಮತ್ತು ರಸ್ತೆಯನ್ನು ಒತ್ತೆಯಿಟ್ಟು ತಂದ ನಗದು ಒಂದೇ ಅಲ್ಲ. ಎರಡನೆಯದನ್ನು 100 ಡಾಲರಿನೊಳಗೆ ಸೇರಿಸಿ, ಅದಕ್ಕೂ ಬೆಳವಣಿಗೆ ದರ ಹಾಕಿ, ಅದರ ಮೇಲೆ ಟರ್ಮಿನಲ್ ವ್ಯಾಲ್ಯೂ ಕಟ್ಟಿದರೆ, ತೀರಿಸಬೇಕಾದ ಸಾಲವನ್ನೇ ಎಂದೆಂದಿನ ಆದಾಯ ಎಂದು ಬರೆದಂತಾಗುತ್ತದೆ.

ನಿಮ್ಮ ಮನೆಯಲ್ಲೇ ಇದರ ಒಂದು ಸುಳಿವಿದೆ. ವರ್ಷದ ಕೊನೆಗೆ ಟ್ರಾನ್ಸ್‌ಅರ್ಬನ್‌ನ ಟ್ರಸ್ಟಿನಿಂದ ಬರುವ ತೆರಿಗೆ ಹೇಳಿಕೆಯನ್ನು ತೆಗೆದು ನೋಡಿ. ಹಂಚಿದ್ದರಲ್ಲಿ ಇಷ್ಟು ಭಾಗಕ್ಕೆ ಈಗ ತೆರಿಗೆ ಇಲ್ಲ, ಬದಲಿಗೆ ನಿಮ್ಮ ಕಾಸ್ಟ್ ಬೇಸ್ ಅಂದರೆ ಷೇರು ಕೊಂಡ ಬೆಲೆಯಿಂದ ಅದನ್ನು ಕಳೆದುಕೊಳ್ಳಿ ಎಂದು ಒಂದು ಸಾಲು ಇರುತ್ತದೆ. ತೆರಿಗೆಯ ಲೆಕ್ಕಕ್ಕೂ ಡಿಸಿಎಫ್ ಲೆಕ್ಕಕ್ಕೂ ನೇರ ಹೊಂದಾಣಿಕೆ ಇಲ್ಲ, ಆದರೆ ದಿಕ್ಕು ಒಂದೇ. ಬಂದದ್ದೆಲ್ಲ ಆದಾಯವಲ್ಲ ಎಂದು ತೆರಿಗೆ ಕಾನೂನೂ ಹೇಳುತ್ತಿದೆ.

ಮೂರನೆಯ ಆಕ್ಷೇಪವನ್ನು ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದಾರೆ. "ಗುತ್ತಿಗೆ ಮುಗಿಯುವ ಮೊದಲೇ ಸರ್ಕಾರಗಳು ವಿಸ್ತರಿಸುತ್ತವೆ. ಸಿಟಿಲಿಂಕ್‌ಗೆ ಹತ್ತು ವರ್ಷ ಸಿಕ್ಕಿತು. ಸಿಡ್ನಿಯ ಎಂ7ಗೆ 2048ರಿಂದ 2051ಕ್ಕೆ ಸಿಕ್ಕಿತು. ಇತಿಹಾಸವೇ ಹೀಗಿರುವಾಗ ಎಂದೆಂದಿಗೂ ಎನ್ನುವುದರಲ್ಲಿ ತಪ್ಪೇನು?"

ವಿಸ್ತರಣೆ ಸಿಕ್ಕಿದ್ದು ನಿಜ, ಪುಕ್ಕಟೆ ಸಿಕ್ಕಿದ್ದಲ್ಲ. ಸಿಟಿಲಿಂಕ್‌ನ ಹತ್ತು ವರ್ಷ ವೆಸ್ಟ್ ಗೇಟ್ ಟನಲ್ ಕಟ್ಟುವ ಒಪ್ಪಂದದ ಭಾಗ. ಆ ಸುರಂಗದ ವೆಚ್ಚದಲ್ಲಿ ದೊಡ್ಡ ಪಾಲನ್ನು ಕಂಪನಿ ಹೊತ್ತಿತು. ಕೆಲಸ ಶುರುವಾದ ಮೇಲೆ ಅಗೆದ ಮಣ್ಣಿನಲ್ಲಿ ಪಿಎಫ್ಎಎಸ್ ಎಂಬ ವಿಷ ರಾಸಾಯನಿಕ ಸಿಕ್ಕಿ, ಅದನ್ನು ಎಲ್ಲಿ ಹಾಕಬೇಕೆಂಬ ವ್ಯಾಜ್ಯದಲ್ಲಿ ವರ್ಷಗಟ್ಟಲೆ ತಡವಾಯಿತು, ವೆಚ್ಚ ಮೊದಲು ಹೇಳಿದ್ದಕ್ಕಿಂತ ಬಹಳ ಮೇಲೆ ಹೋಯಿತು, ಹೆಚ್ಚಿನ ಹೊರೆಯಲ್ಲಿ ಕಂಪನಿಗೂ ಪಾಲು ಬಿತ್ತು. ಎಂ7ನ ಮೂರು ವರ್ಷವೂ ಹಾಗೆಯೇ, ಆ ರಸ್ತೆಯನ್ನು ಅಗಲಗೊಳಿಸಿ ಎಂ12ಕ್ಕೆ ಜೋಡಿಸುವ ಕೆಲಸದ ಬದಲಿಗೆ ಬಂದದ್ದು.

ಹಾಗಾದರೆ ವಿಸ್ತರಣೆಗೆ ಬೆಲೆಯೇ ಇಲ್ಲವೇ? ಇದೆ, ಅಳೆಯೋಣ. ನಮ್ಮ ಇಪ್ಪತ್ತು ವರ್ಷದ ರಸ್ತೆಗೆ ಇನ್ನು ಹತ್ತು ವರ್ಷ ಸೇರಿತು ಎನ್ನಿ. ಇಪ್ಪತ್ತೊಂದರಿಂದ ಮೂವತ್ತನೆಯ ವರ್ಷದವರೆಗಿನ ನಗದಿನ ಇಂದಿನ ಬೆಲೆ ಸುಮಾರು 370 ಡಾಲರ್. ಅದನ್ನು ಪಡೆಯಲು ಇಂದಿನ ಬೆಲೆಯಲ್ಲಿ 300 ಡಾಲರ್ ಹೂಡಬೇಕಾಗಿ ಬಂದರೆ ಷೇರುದಾರನಿಗೆ ಉಳಿಯುವುದು 70. ಈ ಲೆಕ್ಕ ಸರ್ಕಾರದ ಖಜಾನೆಯವರಿಗೂ ಬರುತ್ತದೆ, ಮೇಜಿನ ಆಚೆ ಕುಳಿತವರು 370ಕ್ಕೆ ಆದಷ್ಟು ಹತ್ತಿರದ ಬೆಲೆಯನ್ನೇ ಕೇಳುತ್ತಾರೆ. ಆದ್ದರಿಂದ ವಿಸ್ತರಣೆಯ ಸಾಧ್ಯತೆಗೆ ನಿಮ್ಮ ಲೆಕ್ಕದಲ್ಲಿ ಬೇರೆ ಸಾಲು ಕೊಡಿ. ಎಷ್ಟು ನಗದು, ಎಷ್ಟು ಹೂಡಿಕೆ, ಆಗುವ ಸಂಭವ ಎಷ್ಟು, ಮೂರನ್ನೂ ಬರೆಯಿರಿ. ಯಾರಾದರೂ ಪ್ರಶ್ನಿಸಿದರೆ ಆ ಮೂರು ಅಂಕಿಗಳ ಮೇಲೆ ಚರ್ಚೆ ಮಾಡಬಹುದು. ಟರ್ಮಿನಲ್ ವ್ಯಾಲ್ಯೂವಿನೊಳಗೆ ಅದನ್ನು ಹುದುಗಿಸಿಟ್ಟರೆ ಸಂಭವ ಶೇ. 100, ಹೂಡಿಕೆ ಸೊನ್ನೆ ಎಂದು ನೀವು ಹೇಳಿದಂತಾಯಿತು, ಹೇಳಿದ್ದು ನಿಮಗೇ ಗೊತ್ತಾಗುವುದಿಲ್ಲ.

ವಿಸ್ತರಣೆಯಾಗಲಿ ಹೊಸ ರಸ್ತೆಯಾಗಲಿ ಸಿಗುವ ಸಂಭವ ಶೇ. 100 ಅಲ್ಲ ಎನ್ನಲು ಇತ್ತೀಚಿನ ಎರಡು ಸಂಗತಿ ಸಾಕು. ಮೆಲ್ಬರ್ನ್‌ನ ಪೂರ್ವದ ಈಸ್ಟ್‌ಲಿಂಕ್ ರಸ್ತೆಯ ಹೆಚ್ಚಿನ ಪಾಲನ್ನು ಕೊಳ್ಳಲು ಟ್ರಾನ್ಸ್‌ಅರ್ಬನ್ ಮುಂದಾದಾಗ ಸ್ಪರ್ಧಾ ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ವಿರೋಧಿಸಿತು, ವ್ಯಾಪಾರ ನಡೆಯಲಿಲ್ಲ. ನ್ಯೂ ಸೌತ್ ವೇಲ್ಸ್ ಸರ್ಕಾರ ಅಲನ್ ಫೆಲ್ಸ್ ಮತ್ತು ಡೇವಿಡ್ ಕಸಿನ್ಸ್ ಅವರಿಂದ ಟೋಲ್ ವ್ಯವಸ್ಥೆಯ ಪರಿಶೀಲನೆ ಮಾಡಿಸಿತು, 2024ರಲ್ಲಿ ವರದಿ ಬಂತು. ಸಿಡ್ನಿಯ ಪಶ್ಚಿಮದಲ್ಲಿ ಈಗ ಟೋಲ್ ಎಂಬುದು ಚುನಾವಣೆಯ ಮಾತು, ವಾರಕ್ಕೆ 60 ಡಾಲರಿಗಿಂತ ಹೆಚ್ಚಾದದ್ದನ್ನು ವಾಪಸು ಕೊಡುವ ಯೋಜನೆಯೇ ಅದಕ್ಕೆ ಸಾಕ್ಷಿ. ಇಂಥ ಹೊತ್ತಿನಲ್ಲಿ ಇನ್ನಷ್ಟು ದಶಕಗಳನ್ನು ಕೊಡುತ್ತೇನೆ ಎಂದು ಯಾವ ಮಂತ್ರಿ ಸುಲಭವಾಗಿ ಹೇಳುತ್ತಾರೆ?

ನಾಲ್ಕನೆಯದು ದರದ ಬಗ್ಗೆ. "ಟೋಲ್ ಏರಿಕೆ ಒಪ್ಪಂದದಲ್ಲೇ ಬರೆದಿದೆ. ವೆಸ್ಟ್‌ಕನೆಕ್ಸ್‌ನಲ್ಲಿ 2040ರವರೆಗೆ ಶೇ. 4 ಅಥವಾ ಬೆಲೆಯೇರಿಕೆ, ಯಾವುದು ಹೆಚ್ಚೋ ಅದು. ಇಷ್ಟು ಭದ್ರವಾದ ನಗದಿಗೆ ಶೇ. 8 ಹೆಚ್ಚಾಯಿತು, ಶೇ. 6 ಹಾಕಿ."

ಹಾಕೋಣ. ಗುತ್ತಿಗೆಯವರೆಗಿನ ನನ್ನ ಲೆಕ್ಕ 1,325ರಿಂದ 1,584ಕ್ಕೆ ಏರುತ್ತದೆ, ಶೇ. 20ರಷ್ಟು. ಶೇ. 4ರ ಏರಿಕೆ ಎಂದೆಂದಿಗೂ ಇರುತ್ತದೆ ಎನ್ನುವವರ ಲೆಕ್ಕ 2,500ರಿಂದ 5,000ಕ್ಕೆ ಜಿಗಿಯುತ್ತದೆ. ದರದ ಬಗ್ಗೆ ಇಬ್ಬರು ತಿಳಿದವರಿಗೆ ಎರಡು ಅಂಶದ ಭಿನ್ನಾಭಿಪ್ರಾಯ ಯಾವಾಗಲೂ ಇರುತ್ತದೆ. ಆ ಭಿನ್ನಾಭಿಪ್ರಾಯಕ್ಕೆ ಒಂದು ಲೆಕ್ಕ ಐದನೇ ಒಂದು ಭಾಗ ಅಲುಗಾಡಿದರೆ ಇನ್ನೊಂದು ದುಪ್ಪಟ್ಟಾಗುತ್ತದೆ ಎಂದರೆ, ಎರಡನೆಯದರಲ್ಲಿ ನಾವು ರಸ್ತೆಯನ್ನಲ್ಲ, `r − g` ಎಂಬ ವ್ಯತ್ಯಾಸವನ್ನು ಅಳೆಯುತ್ತಿದ್ದೇವೆ. ಒಪ್ಪಂದದ ಏರಿಕೆಯೂ ಎಂದೆಂದಿನದಲ್ಲ. ವೆಸ್ಟ್‌ಕನೆಕ್ಸ್‌ನಲ್ಲಿ 2040ರ ನಂತರ ಬರೀ ಬೆಲೆಯೇರಿಕೆ. ಸಿಟಿಲಿಂಕ್‌ನಲ್ಲಿ 2019ರಿಂದ ಹತ್ತು ವರ್ಷಕ್ಕೆ ಶೇ. 4.25, ಆಮೇಲೆ ಅಲ್ಲೂ ಬೆಲೆಯೇರಿಕೆ ಮಾತ್ರ. ಶೀಟಿನಲ್ಲಿ ಆ ವರ್ಷಗಳಲ್ಲಿ ದರ ಬದಲಾಗದೆ ಒಂದೇ ಸಮನೆ ಎಳೆದಿದ್ದರೆ ಒಪ್ಪಂದ ಓದದೆ ಮಾಡಿದ ಲೆಕ್ಕ ಎಂದು ಅಲ್ಲೇ ಗೊತ್ತಾಗುತ್ತದೆ.

ಕೊನೆಯ ಆಕ್ಷೇಪಕ್ಕೆ ಅರ್ಧ ಸಮ್ಮತಿ ಕೊಡುತ್ತೇನೆ. "ಟೋಲ್ ರಸ್ತೆಗಳು ಮುಳುಗಿದ್ದು ವಾಹನಗಳ ಅಂದಾಜು ತಪ್ಪಿದ್ದರಿಂದ. ಕ್ರಾಸ್ ಸಿಟಿ ಟನಲ್, ಲೇನ್ ಕೋವ್ ಟನಲ್ ನೋಡಿ. ನೀವು ಸಣ್ಣ ವಿಷಯಕ್ಕೆ ಗಂಟು ಬಿದ್ದಿದ್ದೀರಿ." ಹೌದು, 2005ರ ಆಗಸ್ಟ್‌ನಲ್ಲಿ ತೆರೆದ ಕ್ರಾಸ್ ಸಿಟಿ ಟನಲ್‌ಗೆ ದಿನಕ್ಕೆ ಸುಮಾರು 90,000 ವಾಹನ ಬರಬೇಕಿತ್ತು, ಬಂದದ್ದು ಅದರ ಮೂರನೇ ಒಂದು ಭಾಗ. 2006ರ ಕೊನೆಗೆ ಸಾಲ ಕೊಟ್ಟವರ ಕೈಗೆ ಹೋಯಿತು. 2007ರಲ್ಲಿ ತೆರೆದ ಲೇನ್ ಕೋವ್ ಟನಲ್ 2010ರ ಜನವರಿಯಲ್ಲಿ ಅದೇ ದಾರಿ ಹಿಡಿಯಿತು. ಎರಡನ್ನೂ ಮುಂದೆ ಟ್ರಾನ್ಸ್‌ಅರ್ಬನ್ ಕಟ್ಟಿದ ವೆಚ್ಚಕ್ಕಿಂತ ಬಹಳ ಕಡಿಮೆಗೆ ಕೊಂಡಿತು. ಹೊಸ ರಸ್ತೆಗೆ ವಾಹನಗಳ ಅಂದಾಜೇ ಎಲ್ಲಕ್ಕಿಂತ ದೊಡ್ಡ ಅಪಾಯ, ಒಪ್ಪಿದೆ. ಆದರೆ ಆ ತಪ್ಪು ಮೊದಲ ವರ್ಷದಲ್ಲೇ ಕಣ್ಣಿಗೆ ಬೀಳುತ್ತದೆ, ವಾಹನಗಳನ್ನು ಎಣಿಸಬಹುದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಓಡಿದ ಸಿಟಿಲಿಂಕ್‌ನಲ್ಲಿ ವಾಹನಗಳ ಸಂಖ್ಯೆ ಬಹುಮಟ್ಟಿಗೆ ಗೊತ್ತಿರುವ ವಿಷಯ. ಅಲ್ಲಿ ಉಳಿದಿರುವ ದೊಡ್ಡ ತಪ್ಪು ಕಾಲದ್ದು, ಅದು 2045ರವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಟ್ರಾನ್ಸ್‌ಅರ್ಬನ್‌ಗೆ ಬೆಲೆ ಕಟ್ಟುವುದು ಹೇಗೆ ಎಂದು ಪ್ಯಾರಮಟ್ಟಾದ ಹಿರಿಯರೊಬ್ಬರು ಕೇಳಿದ್ದಾರೆ. ಕಂಪನಿಯನ್ನು ಒಂದೇ ಆಸ್ತಿಯಾಗಿ ನೋಡಬೇಡಿ. ರಸ್ತೆಗೊಂದು ಸಾಲು ಬರೆಯಿರಿ, ಸಾಲಿಗೊಂದು ಮುಕ್ತಾಯದ ವರ್ಷ, ಕಂಪನಿಯ ಪಾಲು ಎಷ್ಟು ಶೇಕಡ, ಆ ರಸ್ತೆಯ ಸಾಲ ಎಷ್ಟು. ಕ್ರಾಸ್ ಸಿಟಿ ಟನಲ್ 2035ಕ್ಕೆ ನಿಲ್ಲುತ್ತದೆ, ಅಮೆರಿಕದ ವರ್ಜೀನಿಯಾದ ಎಕ್ಸ್‌ಪ್ರೆಸ್ ಲೇನುಗಳು 2087ರವರೆಗೆ ಹೋಗುತ್ತವೆ, ಎರಡಕ್ಕೂ ಒಂದೇ ಟರ್ಮಿನಲ್ ವ್ಯಾಲ್ಯೂ ಹೇಗೆ ಹೊಂದೀತು? ಮುಕ್ತಾಯದ ವರ್ಷದ ನಂತರದ ಕಾಲಂಗಳಲ್ಲಿ ಸೊನ್ನೆ ಹಾಕಿ. ಕೊನೆಯ ವರ್ಷಗಳಲ್ಲಿ ರಸ್ತೆಯನ್ನು ಒಪ್ಪಿಸುವ ಮುನ್ನ ಮಾಡಬೇಕಾದ ದೊಡ್ಡ ದುರಸ್ತಿಯನ್ನೂ ಸಾಲದ ಅಸಲನ್ನೂ ಕಳೆಯಿರಿ. ವಿಸ್ತರಣೆ, ಹೊಸ ರಸ್ತೆ ಇವಕ್ಕೆ ಕೆಳಗೆ ಬೇರೆಯಾಗಿ, ಅವುಗಳ ಖರ್ಚಿನ ಸಮೇತ ಬರೆಯಿರಿ.

ಲೆಕ್ಕ ಸರಿಯಾಗಿ ಬಂದಿದೆಯೇ ಎಂದು ನೋಡಲು ಒಂದು ರಸ್ತೆ ಸಾಕು, ಎಂ5ನ ಪಶ್ಚಿಮ ಭಾಗ. ಇದು ಈಗ ಪೂರ್ತಿ ಟ್ರಾನ್ಸ್‌ಅರ್ಬನ್‌ನದು. ಆ ಗುತ್ತಿಗೆ 2026ರ ಡಿಸೆಂಬರ್‌ಗೆ ಮುಗಿಯುತ್ತದೆ, ಅಲ್ಲಿಂದ ರಸ್ತೆ ವೆಸ್ಟ್‌ಕನೆಕ್ಸ್‌ಗೆ ಸೇರುತ್ತದೆ, ಅದರಲ್ಲಿ ಟ್ರಾನ್ಸ್‌ಅರ್ಬನ್‌ಗೆ ಅರ್ಧ ಪಾಲು ಮಾತ್ರ. ಅದೇ ರಸ್ತೆ, ಅದೇ ವಾಹನಗಳು, ಅದೇ ಟೋಲ್. ನಿಮ್ಮ ಶೀಟಿನ 2027ರ ಕಾಲಂನಲ್ಲಿ ಆ ಸಾಲಿನ ನಗದು ಅರ್ಧಕ್ಕೆ ಇಳಿದಿಲ್ಲವಾದರೆ ಮುಂದಿನ ಕಾಲಂಗಳನ್ನು ನೋಡುವ ಮೊದಲು ಅದನ್ನು ಸರಿಪಡಿಸಿ.